ಪಾತ್ರೆ ತೊಳೆಯುವವರ ಕೋಣೆ

ಅಣ್ಣಾನಗರದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಬಿರಿಯಾನಿ ಹೋಟೆಲಿನ ಅಡುಗೆಮನೆ ಬರಲಿದೆ, ಅಲ್ಲಿಯ ಕೊಳಚೆ ನೀರಿಗೆ ದಾರಿ ಮಾಡಿಕೊಡಬೇಕು ಎಂದು ಕೇಳಿಕೊಂಡು ಬಂದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಕಟ್ಟಡಗಳ ನೀರು, ಕೊಳವೆ, ಒಳಚರಂಡಿಗಳ ನಕ್ಷೆ ಮಾಡುವುದೇ ನನ್ನ ಕೆಲಸ. ಬಹಳ ವರ್ಷಗಳಿಂದ ಚೆನ್ನೈಯಲ್ಲಿ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ನಮ್ಮ ತಂದೆ ರೈಲ್ವೆಯಲ್ಲಿದ್ದರು. ನಾನು ಹುಟ್ಟಿ ಬೆಳೆದದ್ದು ಪೆರಂಬೂರಿನಲ್ಲಿ. ಅಮ್ಮ ಈಗಲೂ ನನ್ನ ಜೊತೆಗಿದ್ದಾರೆ. ಮಗಳು ದೇವರು, ಮಡಿ ಎಲ್ಲ ಬಿಟ್ಟು ಊರಿನ ಕಕ್ಕಸಿನ ನೀರಿನ ಲೆಕ್ಕ ಹಾಕುತ್ತಾಳಲ್ಲ ಎಂದು ಮೊದಮೊದಲು ಮುಖ ಸಿಂಡರಿಸುತ್ತಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು.

ಹೋಟೆಲಿನ ಮಾಲೀಕರು ಕನ್ನಡದವರೇ. ಅವರ ತಾತ ಕೋಲಾರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ್ದರಂತೆ. ಕನ್ನಡ ಮಾತಾಡುತ್ತ ನಡುವೆ ತಮಿಳಿಗೆ ಜಾರಿ, ಜಾರಿದ್ದು ಗೊತ್ತಾಗದೆ ಹಾಗೆಯೇ ಮುಂದುವರಿಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಕೋಯಂಬೇಡಿನ ಹತ್ತಿರ ಅವರದೊಂದು ಹಳೆಯ ಹೋಟೆಲಿತ್ತು. ಆ ಕಟ್ಟಡ ಕೆಡವುತ್ತಾರೆಂದು ಗೊತ್ತಾದ ಮೇಲೆ ಅಣ್ಣಾನಗರದಲ್ಲಿ ಹೊಸ ಜಾಗ ಹಿಡಿದಿದ್ದರು. ರಸ್ತೆಯ ಮಟ್ಟದಲ್ಲಿ ಊಟದ ಹಾಲು, ಕೆಳಗೆ ನೆಲಮಾಳಿಗೆಯಲ್ಲಿ ಅಡುಗೆ, ಪಾತ್ರೆ ತೊಳೆಯುವ ಜಾಗ, ಕೆಲಸದವರ ಶೌಚಾಲಯ.

ತೊಂದರೆ ಇದ್ದದ್ದು ಮಟ್ಟದಲ್ಲಿ. ಆ ರಸ್ತೆಯ ಒಳಚರಂಡಿ ಕೊಳವೆ ನೆಲದಿಂದ ಒಂದು ಮೀಟರಿನಷ್ಟೇ ಆಳದಲ್ಲಿತ್ತು. ನೆಲಮಾಳಿಗೆಯ ನೆಲವೋ ರಸ್ತೆಯಿಂದ ಮೂರೂವರೆ ಮೀಟರ್ ಕೆಳಗೆ. ಎಂದರೆ ಅಡುಗೆಮನೆಯ ಒಂದು ಹನಿ ನೀರೂ ತಾನಾಗಿ ಹೊರಗೆ ಹೋಗುವಂತಿರಲಿಲ್ಲ. ಎಲ್ಲವನ್ನೂ ಒಂದು ಗುಂಡಿಗೆ ಇಳಿಸಿ, ಅಲ್ಲಿಂದ ಪಂಪಿನಿಂದ ಎತ್ತಿ ರಸ್ತೆಗೆ ಕಳಿಸಬೇಕು. ಇದಕ್ಕೆ ನಮ್ಮಲ್ಲಿ ಲಿಫ್ಟಿಂಗ್ ಸ್ಟೇಷನ್ ಎನ್ನುತ್ತಾರೆ. ಇನ್ನೊಂದು ಅಪಾಯವೂ ಇದೆ. ಜೋರು ಮಳೆ ಬಂದಾಗ ರಸ್ತೆಯ ಒಳಚರಂಡಿ ಮುಚ್ಚಳದವರೆಗೂ ತುಂಬಿಕೊಳ್ಳುತ್ತದೆ. ಆಗ ಆ ನೀರು ತನಗಿಂತ ಕೆಳಗೆ ಎಲ್ಲಿ ಬಾಯಿ ಸಿಕ್ಕಿದರೂ ಅಲ್ಲಿ ಉಕ್ಕುತ್ತದೆ. ಆದ್ದರಿಂದ ಪಂಪಿನ ಕೊಳವೆಯನ್ನು ಮೊದಲು ರಸ್ತೆಯ ಮಟ್ಟಕ್ಕಿಂತ ಮೇಲೆ ಹತ್ತಿಸಿ, ಅಲ್ಲಿ ಬಗ್ಗಿಸಿ, ಆಮೇಲೆ ಚರಂಡಿಗೆ ಇಳಿಸಬೇಕು. ಹಾಗೆ ಮಾಡಿದರೆ ರಸ್ತೆ ಎಷ್ಟೇ ತುಂಬಿದರೂ ಹೊರಗಿನ ಕೊಳಕು ಒಳಗೆ ಬರಲಾರದು.

ಮೇಲಿನ ಹಾಲಿನ ಕೈತೊಳೆಯುವ ಬೇಸಿನ್, ಗಿರಾಕಿಗಳ ಶೌಚಾಲಯ ಇವನ್ನೂ ಕೆಳಗಿನ ಗುಂಡಿಗೇ ಬಿಟ್ಟರೆ ಕೊಳವೆಯ ಕೆಲಸ ಸುಲಭವಾಗುತ್ತದೆ ಎಂದು ಆರ್ಕಿಟೆಕ್ಟ್ ಹೇಳಿದ್ದರು. ಅದಕ್ಕೆ ನಾನು ಒಪ್ಪಲಿಲ್ಲ. ತಾನಾಗಿ ಹರಿದುಹೋಗಬಲ್ಲ ನೀರನ್ನು ಕೆಳಗಿಳಿಸಿ ಮತ್ತೆ ಪಂಪಿನಿಂದ ಎತ್ತುವುದು ಸುಮ್ಮನೆ ಗುಂಡಿಯನ್ನು ದೊಡ್ಡದು ಮಾಡಿದಂತೆ, ಕರೆಂಟು ಹೋದರೆ ತೊಂದರೆಯನ್ನೂ ಹೆಚ್ಚಿಸಿದಂತೆ. ಅಷ್ಟನ್ನು ಅವರು ಒಪ್ಪಿಕೊಂಡರು.

ಇನ್ನು ಅಳತೆ. ಮಾಲೀಕರು ಹೊಸ ಹೋಟೆಲಿನಲ್ಲಿ ಎಷ್ಟು ಕುರ್ಚಿ ಎಂದು ಹೇಳಿದರು. ಕುರ್ಚಿಯ ಲೆಕ್ಕದಿಂದ ಸರಾಸರಿ ನೀರು ಗೊತ್ತಾಗುತ್ತದೆ, ನಿಜ. ಆದರೆ ಜಿಡ್ಡು ಹಿಡಿಯುವ ತೊಟ್ಟಿಗೆ, ಅಂದರೆ ಗ್ರೀಸ್ ಟ್ರ್ಯಾಪಿಗೆ, ಸರಾಸರಿ ಮುಖ್ಯವಲ್ಲ. ಒಮ್ಮೆಲೇ ಎಷ್ಟು ರಭಸದಲ್ಲಿ ನೀರು ನುಗ್ಗುತ್ತದೆ ಎನ್ನುವುದು ಮುಖ್ಯ. ತೊಟ್ಟಿಯೊಳಗೆ ನೀರು ಸ್ವಲ್ಪ ಹೊತ್ತು ನಿಧಾನವಾಗಿ ಸಾಗಿದರೆ ಕೊಬ್ಬು ತೇಲಿ ಮೇಲೆ ನಿಲ್ಲುತ್ತದೆ, ಮೂಳೆಯ ಚೂರು, ಅನ್ನ ತಳಕ್ಕೆ ಕೂರುತ್ತದೆ. ರಭಸ ಹೆಚ್ಚಾದರೆ ಎರಡೂ ನೀರಿನ ಜೊತೆಗೆ ಮುಂದಕ್ಕೆ ಹೊರಟು ಪಂಪಿನ ಗುಂಡಿ ಸೇರುತ್ತವೆ. ಹಾಗಾಗಿ ಹಳೆಯ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದನ್ನು ಕಣ್ಣಾರೆ ನೋಡಬೇಕು ಎಂದೆ. ಮಾಲೀಕರು ನಕ್ಕು, ನೋಡಿ ಮೇಡಂ, ಆದರೆ ಅಲ್ಲಿ ಕೂರೋಕೆ ಜಾಗ ಇಲ್ಲ ಎಂದರು.

ಜಾಗ ನಿಜಕ್ಕೂ ಇರಲಿಲ್ಲ. ಹಿತ್ತಲಲ್ಲಿ ತಗಡಿನ ಮಾಡು, ಕೆಳಗೆ ಎರಡು ದೊಡ್ಡ ತೊಟ್ಟಿಗಳು, ಒದ್ದೆ ನೆಲ. ನಾಲ್ಕೈದು ಹೆಂಗಸರು ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ, ಸೊಂಟಕ್ಕೆ ಗೋಣಿ ಸುತ್ತಿಕೊಂಡು ಕೆಲಸದಲ್ಲಿದ್ದರು. ಮಧ್ಯಾಹ್ನದ ಗಿರಾಕಿ ಕರಗಿದ ಮೇಲೆ ಬಿರಿಯಾನಿ ಬೇಯಿಸುವ ಹಂಡೆಯಂಥ ದೊಡ್ಡ ದೇಗ್ಸಗಳು ಬಂದವು. ಎರಡೂ ತೊಟ್ಟಿಗಳಲ್ಲಿ ಕಾಯಿಸಿದ ನೀರು ತುಂಬಿ, ಸೋಪಿನ ಪುಡಿ ಸುರಿದು, ಉಜ್ಜಿ, ಒಮ್ಮೆಲೇ ಬಿರಡೆ ಎಳೆದುಬಿಡುತ್ತಿದ್ದರು. ನಾನು ಆ ತೊಟ್ಟಿಗಳ ಉದ್ದ ಅಗಲ ಆಳ ಅಳೆದೆ, ನೀರು ಇಳಿಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದೆ. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ನಾನು ಕುರಿಯ ಕೊಬ್ಬಿನ ವಾಸನೆಗೆ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೆ. ಆದರೂ ಅಲ್ಲಿಯ ಚರಂಡಿಗೆ ಅದ್ದಿ ತೆಗೆದ ಕೋಲಿಗೆ ಮೆತ್ತಿದ ಬಿಳಿಯ ಜಿಡ್ಡನ್ನು ಬೆರಳಿನಿಂದ ಕೆರೆದು, ಎಷ್ಟು ದಪ್ಪ ಎಂದು ನೋಡಲೇಬೇಕಾಯಿತು.

ಆ ಹೆಂಗಸರಲ್ಲಿ ಹಿರಿಯಳಾದವಳು ನನ್ನ ಅವಸ್ಥೆ ನೋಡಿ ನಿಂಬೆಹಣ್ಣಿನ ಸಿಪ್ಪೆ ತಂದು ಕೈಗೆ ಕೊಟ್ಟಳು. ಉಜ್ಜಿಕೊಳ್ಳಿ, ಹೋಗುತ್ತದೆ ಎಂದು ತಮಿಳಿನಲ್ಲಿ ಹೇಳಿದವಳು, ನಾನು ಫೋನಿನಲ್ಲಿ ಅಮ್ಮನೊಡನೆ ಕನ್ನಡ ಮಾತಾಡಿದ್ದು ಕೇಳಿಸಿಕೊಂಡು ಮುಖವರಳಿಸಿದಳು. ಹೊಸೂರಿನ ಕಡೆಯ ಹಳ್ಳಿಯವಳಂತೆ. ಗಂಡ ತೀರಿಕೊಂಡ ಮೇಲೆ ಚೆನ್ನೈಗೆ ಬಂದು, ಅಂದಿನಿಂದ ಇದೇ ಮಾಲೀಕರ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ನಾನು ಅವಳನ್ನು ಅಕ್ಕ ಎಂದೆ. ಅವಳು ನನ್ನನ್ನು ಅಮ್ಮ ಎಂದಳು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳಿದ್ದರೂ.

ಹೊಸ ಹೋಟೆಲಿನ ಮಾತು ಬಂತು. ಅಲ್ಲಿ ಅವಳಿಗೆ ಬೇಕಾದದ್ದು ಒಂದೇ.

"ಅಲ್ಲಿ ನಮ್ಗೇಂತ ಒಂದು ರೂಮು ಐತಂತೆ ಕಣಮ್ಮ. ಒಳಗಿಂದ ಚಿಲಕ ಆಕ್ಕೊಬೋದಂತೆ."

ಹಳೆಯ ಜಾಗದಲ್ಲಿ ಅವರು ಬಟ್ಟೆ ಬದಲಿಸುತ್ತಿದ್ದದ್ದು ಅಕ್ಕಿಮೂಟೆಗಳ ಹಿಂದೆ. ಒಬ್ಬಳು ಸೆರಗು ಹಿಡಿದು ನಿಂತರೆ ಇನ್ನೊಬ್ಬಳು ಬದಲಿಸಬೇಕು. ಊಟ ಮಾಡುವುದೂ ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ. ಮಾಲೀಕರು ಒಮ್ಮೆ ಇವರನ್ನೆಲ್ಲ ಕರೆದುಕೊಂಡು ಹೋಗಿ ಹೊಸ ನೆಲಮಾಳಿಗೆ ತೋರಿಸಿ, ಮೂಲೆಯ ಕೋಣೆ ನಿಮಗೆ ಎಂದಿದ್ದರಂತೆ. ಗೋಡೆಗೆ ಎಲ್ಲಿ ಮೊಳೆ ಹೊಡೆಯಬೇಕು, ಯಾರ ಚೀಲ ಎಲ್ಲಿ ಎನ್ನುವುದನ್ನೂ ಅವರು ಆಗಲೇ ಮಾತಾಡಿಕೊಂಡಿದ್ದರು. ಉಳಿದ ಹೆಂಗಸರು ತಮಿಳಿನಲ್ಲಿ ಅದನ್ನೇ ಹೇಳಿ ನಗಾಡಿದರು. ನಾನೂ ನಕ್ಕೆ.

ಮನೆಗೆ ಬಂದು ಸ್ನಾನ ಮಾಡಿ ಲೆಕ್ಕಕ್ಕೆ ಕುಳಿತೆ. ಎರಡು ತೊಟ್ಟಿಗಳು ಒಟ್ಟಿಗೆ ಬರಿದಾದರೆ ಸೆಕೆಂಡಿಗೆ ಮೂರು ಲೀಟರ್ ನೀರು. ಅದೂ ಬಿಸಿ ಬಿಸಿ ನೀರು. ಬಿಸಿಯಲ್ಲಿ ಕೊಬ್ಬು ಕರಗಿಯೇ ಇರುತ್ತದೆ, ಬೇಗ ಬೇರ್ಪಡುವುದಿಲ್ಲ. ಸೋಪು ಅದನ್ನು ಇನ್ನಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಈ ಎರಡಕ್ಕೂ ಲೆಕ್ಕದಲ್ಲಿ ಹೆಚ್ಚುವರಿ ಹಿಡಿಯಬೇಕು. ಹಿಡಿದರೆ ಮೂರು ಐದಾಗುತ್ತದೆ. ಐದಕ್ಕೆ ಸರಿಯಾಗಿ ಜಿಡ್ಡಿನ ತೊಟ್ಟಿ ತಯಾರಾಗುವುದಿಲ್ಲ, ಅದರ ಮೇಲಿನದು ಏಳು. ಅಷ್ಟು ಸಾಮರ್ಥ್ಯದ ತೊಟ್ಟಿಯಲ್ಲಿ ತಳದ ಗಸಿಗೂ ಮೇಲಿನ ಜಿಡ್ಡಿಗೂ ಸೇರಿ ಸುಮಾರು ಎರಡೂವರೆ ಸಾವಿರ ಲೀಟರ್ ಬೇಕು. ಅದು ಪಾತ್ರೆ ತೊಳೆಯುವ ಜಾಗಕ್ಕೆ ಹತ್ತಿರದಲ್ಲೇ ಇರಬೇಕು. ಕೊಳವೆ ಉದ್ದವಾದರೆ ಕೊಬ್ಬು ದಾರಿಯಲ್ಲೇ ತಣ್ಣಗಾಗಿ ಗೋಡೆಗೆ ಹಿಡಿದುಕೊಳ್ಳುತ್ತದೆ.

ತೊಟ್ಟಿಯ ನಂತರ ಪಂಪಿನ ಗುಂಡಿ. ಶೌಚಾಲಯದ ನೀರು ಜಿಡ್ಡಿನ ತೊಟ್ಟಿಗೆ ಹೋಗಬಾರದು, ನೇರ ಗುಂಡಿಗೇ ಹೋಗಬೇಕು. ಗುಂಡಿಯಲ್ಲಿ ಎರಡು ಪಂಪು. ಒಂದು ಕೆಟ್ಟರೆ ಇನ್ನೊಂದು ಒಂಟಿಯಾಗಿ ಇಡೀ ನೀರು ಎತ್ತುವಷ್ಟು ಶಕ್ತಿಯದು. ಪಂಪು ಶುರುವಾಗುವ ಮಟ್ಟಕ್ಕೂ ನಿಲ್ಲುವ ಮಟ್ಟಕ್ಕೂ ನಡುವೆ ಸುಮಾರು ನಾನೂರೈವತ್ತು ಲೀಟರ್ ಹಿಡಿದೆ. ಅದಕ್ಕಿಂತ ಕಡಿಮೆಯಾದರೆ ಪಂಪು ಗಳಿಗೆಗೊಮ್ಮೆ ಶುರುವಾಗಿ ನಿಂತು ಮೋಟಾರು ಸುಡುತ್ತದೆ. ತೀರಾ ಹೆಚ್ಚಾದರೆ ಕೊಳಚೆ ನಿಂತಲ್ಲೇ ಕೊಳೆತು ವಿಷದ ಗಾಳಿ ಹುಟ್ಟುತ್ತದೆ. ಪಂಪುಗಳು ಕಂಬಿಗಳ ಮೇಲೆ ಜಾರುವಂತಿರಬೇಕು. ಕೆಟ್ಟಾಗ ಸರಪಳಿ ಹಿಡಿದು ಮೇಲಕ್ಕೆ ಎಳೆದುಕೊಳ್ಳಬೇಕೇ ಹೊರತು ಯಾವ ಮನುಷ್ಯನೂ ಆ ಗುಂಡಿಗೆ ಇಳಿಯಬಾರದು. ಇದರಲ್ಲಿ ನಾನು ಎಂದೂ ಸಡಿಲ ಬಿಟ್ಟವಳಲ್ಲ. ಈ ಊರಿನಲ್ಲಿ ಹಾಗೆ ಇಳಿದವರು ಮೇಲೆ ಬಾರದೆ ಹೋದ ಸುದ್ದಿ ಪತ್ರಿಕೆಯಲ್ಲಿ ಓದದ ವರ್ಷವಿಲ್ಲ. ಆದರೆ ಹಾಗೆ ಎಳೆದುಕೊಳ್ಳಬೇಕಾದರೆ ಮೇಲೆ ಎತ್ತರ ಬೇಕು, ಸುತ್ತ ಓಡಾಡಲು ಜಾಗ ಬೇಕು.

ಈ ಎಲ್ಲ ಅಳತೆಗಳನ್ನು ನೆಲಮಾಳಿಗೆಯ ನಕ್ಷೆಯ ಮೇಲೆ ಇಟ್ಟು ನೋಡಿದೆ. ಒಂದು ಪಕ್ಕ ವಿದ್ಯುತ್ ಕೋಣೆ. ಇನ್ನೊಂದು ಪಕ್ಕ ಲಿಫ್ಟಿನ ಗುಂಡಿ. ನಡುವೆ ಕಂಬಗಳ ಪಾಯ, ಅಲ್ಲಿ ಅಗೆಯುವಂತಿಲ್ಲ. ಕಟ್ಟಡದ ಹೊರಗಿನ ಖಾಲಿ ಜಾಗದ ಕೆಳಗೆ ಇಡೀ ಕಟ್ಟಡದ ಕುಡಿಯುವ ನೀರಿನ ಸಂಪು. ಅದರ ಪಕ್ಕದಲ್ಲಿ ಕೊಳಚೆ ಗುಂಡಿ ಯಾರೂ ಮಾಡಬಾರದು. ಉಳಿದದ್ದು ತೊಳೆಯುವ ಜಾಗದ ಗೋಡೆಯ ಹಿಂದಿನ ಮೂಲೆ. ತೊಟ್ಟಿ ಮತ್ತು ಗುಂಡಿ ಎರಡೂ ಅಲ್ಲಿ ಅಳೆದು ಮಾಡಿದಂತೆ ಕೂತವು.

ಅದು ಆ ಹೆಂಗಸರ ಕೋಣೆ.

ಮೂರ್ನಾಲ್ಕು ದಿನ ನಕ್ಷೆಯನ್ನು ಆ ಕಡೆ ಈ ಕಡೆ ತಿರುಗಿಸಿದೆ. ತೊಟ್ಟಿಯನ್ನು ಉದ್ದ ಮಾಡಿ ಕಿರಿದು ಮಾಡಿದೆ. ಗುಂಡಿಯನ್ನು ದುಂಡಗೆ ಮಾಡಿದೆ. ಏನು ಮಾಡಿದರೂ ಕೋಣೆಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗವೂ ಉಳಿಯಲಿಲ್ಲ. ದೇಗ್ಸ ತೊಳೆಯುವುದನ್ನೇ ಮೇಲಿನ ಅಂತಸ್ತಿಗೆ ಒಯ್ದರೆ ಆ ನೀರು ತಾನಾಗಿ ರಸ್ತೆಗೆ ಹರಿಯುತ್ತದೆ, ಕೆಳಗೆ ಸಣ್ಣ ತೊಟ್ಟಿ ಸಾಕು, ಕೋಣೆ ಉಳಿಯುತ್ತದೆ. ಅದನ್ನೂ ಬರೆದುಕೊಂಡು ಮಾಲೀಕರನ್ನು ನೋಡಲು ಹೋದೆ.

ಅವರ ಜೊತೆ ಕೊಳಾಯಿ ಕೆಲಸದ ಕಂಟ್ರಾಕ್ಟರೂ ಕೂತಿದ್ದ. ನನ್ನ ಮಾತು ಕೇಳಿ ಮಾಲೀಕರ ಮುಖದಲ್ಲಿ ಸಮಾಧಾನ ಕಾಣಿಸಿತು.

"ಆ ಮೂಲೆ ರೂಮ್ ತಾನೇ ಮೇಡಂ? ತಾರಾಳಮಾ ತೊಗೊಳ್ಳಿ. ನೀವು ಟೇಬಲ್ ಜಾಗ ಕೇಳ್ತೀರೋ ಏನೋ ಅಂತ ನನಗೆ ಭಯ ಆಗಿತ್ತು."

ಹೆಂಗಸರಿಗೆ ಕೊಟ್ಟ ಮಾತೇನಾಯಿತು ಎಂದೆ. ಅವರಿಗೆ ಬೇರೆ ಏನಾದರೂ ಮಾಡೋಣ, ಅಲ್ಲಿ ಇಲ್ಲಿ ಒಂದು ಪರದೆ ಕಟ್ಟಿದರಾಯಿತು ಎಂದರು. ತೊಳೆಯುವುದನ್ನು ಮೇಲಕ್ಕೆ ಒಯ್ಯುವ ಮಾತಿಗೆ ತಲೆಯಾಡಿಸಿಬಿಟ್ಟರು. ಊಟ ಮಾಡುವವರ ಬೆನ್ನ ಹಿಂದೆ ದೇಗ್ಸ ಉಜ್ಜುವ ಸದ್ದೇ, ಯಾರು ಬರುತ್ತಾರೆ ಎಂದು ಕೇಳಿದರು. ಅವರ ಮಾತು ತಪ್ಪೆನ್ನಲೂ ನನಗಾಗಲಿಲ್ಲ.

ಕಂಟ್ರಾಕ್ಟರ್ ನಡುವೆ ಬಾಯಿ ಹಾಕಿದ. ಇಷ್ಟೆಲ್ಲ ಏಕೆ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಇಡುವ ಸ್ಟೀಲಿನ ಪೆಟ್ಟಿಗೆ ಒಂದು ಸಾಕು, ಗುಂಡಿಗೆ ಕಿರಿದಾದ ಬಾವಿಯಂಥದ್ದು ತೋಡಿ ಒಂದೇ ಪಂಪು ಇಡೋಣ, ಕೆಟ್ಟರೆ ನನ್ನ ಆಳು ಇಳಿದು ನೋಡುತ್ತಾನೆ, ಹೆಂಗಸರ ಕೋಣೆಯೂ ಉಳಿಯುತ್ತದೆ ಎಂದ. ಕೋಣೆ ಉಳಿಸುವ ಮಾತನ್ನು ಅಲ್ಲಿ ನನ್ನನ್ನು ಬಿಟ್ಟು ಬೇರೆಯವರು ಆಡಿದ್ದು ಅದೊಂದೇ ಸಲ, ಅದೂ ಹೀಗೆ. ಆ ಪೆಟ್ಟಿಗೆ ದೇಗ್ಸದ ನೀರಿನ ರಭಸಕ್ಕೆ ಒಂದು ವಾರವೂ ತಡೆಯುವುದಿಲ್ಲ ಎಂದು ಗೊತ್ತಿತ್ತು. ಕೊಬ್ಬು ಗುಂಡಿಗೆ ಹೋಗಿ, ಪಂಪನ್ನು ಎಬ್ಬಿಸುವ ತೇಲುಬುರುಡೆಗೆ ಅಂಟಿ, ಪಂಪು ನಿಂತು, ಒಂದಲ್ಲ ಒಂದು ದಿನ ಯಾರೋ ಒಬ್ಬ ಆ ಬಾವಿಗೆ ಇಳಿಯುತ್ತಾನೆ. ಹಾಗಿದ್ದರೆ ನಕ್ಷೆಗೆ ಸಹಿ ಹಾಕುವುದಿಲ್ಲ ಎಂದೆ. ಮಾಲೀಕರು ಕಂಟ್ರಾಕ್ಟರನನ್ನು ಸುಮ್ಮನಿರಿಸಿ, ಮೇಡಂ ಹೇಳಿದಂತೆಯೇ ಆಗಲಿ ಎಂದರು. ಅದರೊಂದಿಗೆ ಕೋಣೆಯ ಮಾತೂ ಮುಗಿಯಿತು.

ಇದನ್ನು ಹೆಂಗಸರಿಗೆ ಯಾರು ಹೇಳಬೇಕು? ಮಾಲೀಕರು ಹೇಳುವುದಿಲ್ಲ ಎಂದು ನನಗನ್ನಿಸಿತು. ನಾನೇ ಕೋಯಂಬೇಡಿಗೆ ಹೋದೆ. ಅಕ್ಕ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಪಂಪು, ಗುಂಡಿ, ರಸ್ತೆಯ ಚರಂಡಿ ಎಲ್ಲ ವಿವರಿಸಿದೆ. ಅವಳು ಪೂರಾ ಕೇಳಿದಳು.

"ಅಂಗಾರೆ ಆ ರೂಮ್ನಾಗೆ ಗಲೀಜು ನೀರು ಇರ್ತದೆ."

"ಹೌದು ಅಕ್ಕ."

"ನಾವು ತೊಳ್ದ ನೀರೇ."

ಹೌದು ಎಂದೆ. ಸಣ್ಣ ಗುಂಡಿ ಮಾಡಿದ್ದರೆ ಯಾರಾದರೂ ಅದರೊಳಗೆ ಇಳಿದು ಸಾಯುವ ಅಪಾಯವಿತ್ತು ಎಂದೂ ಹೇಳಿದೆ. ಅವಳು ಎಲೆಯ ತೊಟ್ಟು ಮುರಿದಳು.

"ಯಾರೂ ಸಾಯಬಾರದು, ಅದು ಸರಿ. ನಮ್ದೇನು, ಇಷ್ಟು ವರ್ಷ ಇಲ್ದೇ ಇದ್ವಿ."

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಉಳಿದವರಿಗೆ ತಾನೇ ಹೇಳುತ್ತೇನೆಂದಳು. ನಾನು ಹೊರಟಾಗ ಅವರಲ್ಲಿ ಚಿಕ್ಕವಳೊಬ್ಬಳು ನನ್ನ ಕಡೆ ನೋಡದೆ ಬಿರಡೆ ಎಳೆದಳು.

ಕೆಲಸ ನಡೆಯಿತು. ಚೆನ್ನೈಯಲ್ಲಿ ನೆಲ ಅಗೆದರೆ ನೀರು ಜಿನುಗುತ್ತದೆ. ಆ ಗುಂಡಿ ತೋಡುವಾಗಲೂ ಹಗಲೂ ರಾತ್ರಿ ನೀರೆತ್ತಬೇಕಾಯಿತು. ಕೆಳಗಿನ ನೀರಿನ ಒತ್ತಡಕ್ಕೆ ಖಾಲಿ ತೊಟ್ಟಿ ತೇಲಿ ಮೇಲೆ ಬಾರದ ಹಾಗೆ ಸುತ್ತ ಕಾಂಕ್ರೀಟು ತುಂಬಿಸಿದೆ. ಗಾಳಿಯಾಡದ ಮುಚ್ಚಳಗಳು, ತಾರಸಿಯವರೆಗೂ ಹೋಗುವ ಗಾಳಿ ಕೊಳವೆ, ನೀರು ಮಿತಿ ಮೀರಿದರೆ ಕೂಗುವ ಗಂಟೆ, ಪಂಪುಗಳಿಗೆ ಜನರೇಟರಿನ ಸಂಪರ್ಕ ಎಲ್ಲ ಆಯಿತು. ಜಿಡ್ಡು ಎಳೆದುಕೊಂಡು ಹೋಗುವ ಲಾರಿಯವರು ಕೆಳಗಿಳಿಯದೆ ರಸ್ತೆಯಿಂದಲೇ ಪೈಪು ಜೋಡಿಸುವಂತೆ ಮಾಡಿಸಿದೆ. ಎರಡು ತೊಟ್ಟಿ ನೀರನ್ನು ಒಟ್ಟಿಗೆ ಬಿಟ್ಟು ನೋಡಿದಾಗ ಪಂಪು ಲೆಕ್ಕ ಹಾಕಿದ್ದ ಮಟ್ಟದಲ್ಲಿ ಶುರುವಾಗಿ, ಲೆಕ್ಕ ಹಾಕಿದ್ದ ಮಟ್ಟದಲ್ಲಿ ನಿಂತಿತು. ಬೇರೆ ಕಡೆಯಾಗಿದ್ದರೆ ಆ ದಿನ ಸಂತೋಷಪಟ್ಟುಕೊಂಡು ಮನೆಗೆ ಹೋಗುತ್ತಿದ್ದೆ.

ಹೋಟೆಲು ತೆರೆಯಿತು. ಕೆಲಸ ಸರಿಯಾಗಿದೆಯೆಂದು ಮಾಲೀಕರು ನಗರಪಾಲಿಕೆಗೆ ತೋರಿಸಬೇಕಾದ ನನ್ನ ಒಪ್ಪಿಗೆ ಪತ್ರ ಕೊಡುವುದಿನ್ನೂ ಬಾಕಿಯಿತ್ತು. ಕೆಲವು ವಾರ ನಡೆದ ಮೇಲೆ ತೊಟ್ಟಿಯಲ್ಲಿ ಜಿಡ್ಡು ಎಷ್ಟು ಸೇರಿದೆ ಎಂದು ನೋಡಿಯೇ ಕೊಡುವುದು ನನ್ನ ರೂಢಿ. ಒಂದು ಮಧ್ಯಾಹ್ನ ಹೋದೆ. ಪಂಪಿನ ಕೋಣೆಯ ಬಾಗಿಲು ತಳ್ಳಿದೆ. ಒಳಗಿಂದ ಚಿಲಕ ಹಾಕಿತ್ತು.

ಬಡಿದಾಗ ಚಿಕ್ಕವಳು ಬಾಗಿಲು ತೆಗೆದಳು. ಒಳಗೆ ತೊಟ್ಟಿಯ ಮುಚ್ಚಳಗಳ ಮೇಲೆ ಚಾಪೆ ಹಾಸಿತ್ತು. ಅಕ್ಕ ಕಾಲು ಚಾಚಿ ಗೋಡೆಗೊರಗಿದ್ದಳು. ಇನ್ನಿಬ್ಬರು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಪಂಪು ಎತ್ತಲು ಮೇಲೆ ಹಾಕಿದ್ದ ಕಂಬಿಗೆ ಸೀರೆಗಳು ತೂಗುತ್ತಿದ್ದವು. ಸರಪಳಿಯ ಕೊಕ್ಕೆಗೆ ಯಾರದೋ ಚೀಲ. ಊದುಬತ್ತಿ ಹಚ್ಚಿಟ್ಟಿದ್ದರು, ವಾಸನೆಗೆಂದು.

ನನಗೆ ಮೊದಲು ಕಂಡದ್ದು ಆ ಊದುಬತ್ತಿಯ ಕೆಂಡ. ಗುಂಡಿಯಿಂದ ಹೊರಡುವ ಗಾಳಿ ಕೆಲವೊಮ್ಮೆ ಬೆಂಕಿಗೆ ಹತ್ತಿಕೊಳ್ಳುತ್ತದೆ, ಕೆಲವೊಮ್ಮೆ ಉಸಿರಾಡಿದವರನ್ನೇ ಬೀಳಿಸುತ್ತದೆ. ಮುಚ್ಚಳ ಬಿಗಿಯಾಗಿದ್ದರೆ ಅಪಾಯವಿಲ್ಲ, ಆದರೆ ಬಿಗಿಯಾಗಿಯೇ ಇರುತ್ತದೆಂದು ನಂಬಿ ಯಾರನ್ನೂ ಅದರ ಮೇಲೆ ಮಲಗಿಸಲಾಗದು. ಊದುಬತ್ತಿಯನ್ನು ತುಳಿದು ಆರಿಸಿದೆ. ಎಲ್ಲರೂ ಈಗಲೇ ಹೊರಗೆ ಬನ್ನಿ ಎಂದು ಗಟ್ಟಿಯಾಗಿ ಹೇಳಿದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಅವರು ಡಬ್ಬಿಗಳನ್ನು ಮುಚ್ಚಿ, ಚಾಪೆ ಸುತ್ತಿ, ಸೀರೆಗಳನ್ನು ಎಳೆದುಕೊಂಡು ಒಬ್ಬೊಬ್ಬರಾಗಿ ಹೊರಗೆ ಬಂದರು. ಅಕ್ಕ ಕೊನೆಯಲ್ಲಿ ಎದ್ದಳು. ಅವಳಿಗೆ ಮಂಡಿನೋವು.

"ಬಾಗ್ಲು ಐತಲ್ಲ ಅಂತ ಬಂದ್ವಿ ಅಮ್ಮ. ಹೊರಗೆ ಎಲ್ಲೂ ಬಾಗ್ಲಿಲ್ಲ."

ಮಾಲೀಕರು ಹೇಳಿದ್ದ ಪರದೆ ಕಟ್ಟಿದ್ದರು, ಒಣ ಸಾಮಾನಿನ ಕೋಣೆಯ ಮುಂದೆ. ಸರಕು ಇಳಿಸುವವರು ದಿನವಿಡೀ ಅದನ್ನು ಸರಿಸಿಕೊಂಡು ಓಡಾಡುತ್ತಿದ್ದರು. ಒಂದೆರಡು ಸಲ ಅವಮಾನವಾದ ಮೇಲೆ ಹೆಂಗಸರು ಇಲ್ಲಿಗೆ ಸೇರಿದ್ದರು. ಮಾಲೀಕರಿಗೆ ಗೊತ್ತಿತ್ತು. ಬೇಡವೆಂದಿರಲಿಲ್ಲ.

ಅದೇ ಕೋಣೆಯಿಂದ ಅದೇ ಹೆಂಗಸರನ್ನು ನಾನು ಎರಡನೆಯ ಸಲ ಎಬ್ಬಿಸಿದ್ದೆ. ಎರಡು ಸಲವೂ ಕಾರಣ ಸರಿಯಾಗಿತ್ತು. ನಡುವೆ ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿಕೊಂಡು ಮಾಲೀಕರ ಹತ್ತಿರ ಹೋದೆ. ಸಿಟ್ಟೋ ನಾಚಿಕೆಯೋ ಹೇಳಲಾರೆ.

ಮಾಲೀಕರ ಕ್ಯಾಬಿನ್ ಮೊದಲ ಮಹಡಿಯಲ್ಲಿತ್ತು. ಗಾಜಿನ ಬಾಗಿಲು, ಸೋಫಾ, ಪಕ್ಕದಲ್ಲಿ ಒಂದು ಸಣ್ಣ ಕೋಣೆ. ಅಲ್ಲಿ ಹಳೆಯ ಬೋರ್ಡುಗಳನ್ನು, ಉಳಿದ ಟೈಲುಗಳನ್ನು ಒಟ್ಟಿದ್ದರು. ಪಂಪಿನ ಕೋಣೆಯಲ್ಲಿ ಜನ ಇರುವತನಕ ಒಪ್ಪಿಗೆ ಪತ್ರ ಕೊಡುವುದಿಲ್ಲ, ಕಾರಣ ಇದೇ ಎಂದು ಬರೆದೂ ಕೊಡುತ್ತೇನೆ ಎಂದೆ. ಹಾಗಾದರೆ ಬೀಗ ಹಾಕಿಸುತ್ತೇನೆ ಬಿಡಿ ಎಂದರು. ಬೀಗ ಹಾಕಿ, ಅದರ ಜೊತೆ ಅವರಿಗೊಂದು ಕೋಣೆಯನ್ನೂ ಕೊಡಿ ಎಂದೆ.

"ಮೇಡಂ, ನೀವು ಡ್ರೈನೇಜ್ ನೋಡೋಕೆ ಬಂದವರು. ಇದು ಎಂಗ ವಿಷಯ, ನಮ್ಮದು."

"ನನ್ನ ಡ್ರೈನೇಜೇ ಅವರ ಕೋಣೆ ತೊಗೊಂಡಿದ್ದು. ಅದಕ್ಕೇ ಕೇಳ್ತಾ ಇದೀನಿ."

ಅವರು ಮೇಜಿನ ಮೇಲಿನ ಬಿಲ್ಲುಗಳನ್ನು ಒಂದೊಂದಾಗಿ ಜೋಡಿಸಿಟ್ಟರು. ಆಮೇಲೆ ಬೇಸರದಿಂದಲೇ, ಟೈಲುಗಳನ್ನು ಇಟ್ಟ ಕೋಣೆಯನ್ನು ಖಾಲಿ ಮಾಡಿಸುತ್ತೇನೆ ಎಂದರು. ಮಾತು ಉಳಿಸಿಕೊಂಡರು ಕೂಡ. ಮುಂದಿನ ವಾರ ನಾನು ಹೋದಾಗ ಆ ಕೋಣೆಗೆ ಸುಣ್ಣ ಬಳಿದಿದ್ದರು. ಫ್ಯಾನು, ಮೊಳೆಗಳ ಒಂದು ಸಾಲು, ಬಾಗಿಲಿಗೆ ಹಿತ್ತಾಳೆಯ ಚಿಲಕ. ಪಂಪಿನ ಕೋಣೆಗೆ ಬೀಗ ಬಿದ್ದಿತ್ತು. ಪತ್ರ ಕೊಟ್ಟೆ. ಆದರೆ ಅವರು ನನ್ನೊಡನೆ ಮತ್ತೆ ಕನ್ನಡದಲ್ಲಿ ಮಾತಾಡಲಿಲ್ಲ. ಏನಿದ್ದರೂ ಇಂಗ್ಲಿಷಿನಲ್ಲಿ, ಚುಟುಕಾಗಿ.

ಆ ವರ್ಷ ಮಳೆ ಸುರಿದಾಗ ಅಣ್ಣಾನಗರದ ಅನೇಕ ರಸ್ತೆಗಳ ಮ್ಯಾನ್‌ಹೋಲುಗಳು ಉಕ್ಕಿದವು. ಪಕ್ಕದ ಕಟ್ಟಡದ ನೆಲಮಾಳಿಗೆಯಲ್ಲಿ ಮೊಣಕಾಲವರೆಗೆ ಚರಂಡಿ ನೀರು ನಿಂತಿತು. ನಮ್ಮ ಹೋಟೆಲಿನವರು ಫೋನು ಮಾಡಲಿಲ್ಲ. ಸುಮ್ಮನಿರಲಾರದೆ ನಾನೇ ಹೋದೆ. ಆಟೋದವನು ಬರುವುದಿಲ್ಲವೆಂದದ್ದರಿಂದ ಕೊನೆಯ ಸ್ವಲ್ಪ ದೂರ ನೀರಿನಲ್ಲಿ ನಡೆದೆ. ಕೆಳಗಿಳಿದು ನೋಡಿದರೆ ನೆಲ ಒಣಗಿತ್ತು. ಕರೆಂಟಿರಲಿಲ್ಲ, ಜನರೇಟರ್ ಓಡುತ್ತಿತ್ತು. ಗೋಡೆಯ ಹಿಂದೆ ಪಂಪು ಶುರುವಾಗಿ, ಕೊಳವೆಯಲ್ಲಿ ನೀರು ಹತ್ತಿಹೋಗುವ ಸದ್ದು ಕೇಳಿಸಿತು. ರಸ್ತೆಯಲ್ಲಿ ಚರಂಡಿ ತುಂಬಿದ್ದರಿಂದ ನೀರು ನಿಧಾನವಾಗಿ ಹೋಗುತ್ತಿತ್ತು, ಆದರೂ ಹೋಗುತ್ತಿತ್ತು. ಹಾಗಾಗಿ ತೊಳೆಯುವುದನ್ನು ಆದಷ್ಟು ಕಡಿಮೆ ಮಾಡಿ ಎಂದು ಹೇಳಿದೆ. ಅಂದು ಗಿರಾಕಿಗಳೂ ಇರಲಿಲ್ಲ.

ಅಕ್ಕ ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ಗೋಣಿ ಹಾಸಿಕೊಂಡು ಕುಳಿತು ಊಟ ಮಾಡುತ್ತಿದ್ದಳು. ಮೇಲಿನ ಕೋಣೆಗೆ ಹೋಗಲಿಲ್ಲವೇ ಎಂದೆ.

"ಎರಡು ಮಾಳಿಗೆ ಮೆಟ್ಲು ಯಾರಮ್ಮ ಅತ್ತಾರು? ಉಣ್ಣಾಕೆ ಬಿಡೋದೇ ಅರ್ಧ ಗಂಟೆ. ಹುಡುಗೇರು ಓಗ್ತಾರೆ."

ಲಿಫ್ಟು ಇದೆಯಲ್ಲ ಎಂದೆ. ಅದರಲ್ಲಿ ಮೇಲಿನ ಮಹಡಿಗಳವರು ಹೋಗುತ್ತಾರೆ, ಒದ್ದೆ ಸೀರೆಯವರು ಹತ್ತಬಾರದೆಂದು ಮಾಲೀಕರು ಹೇಳಿದ್ದಾರೆ ಎಂದಳು. ದೂರುವ ದನಿಯಲ್ಲಲ್ಲ. ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿಕೊಟ್ಟಳು. ನನ್ನ ಕಾಲುಗಳು ಮೊಣಕಾಲವರೆಗೂ ಚರಂಡಿ ನೀರಿನಲ್ಲಿ ತೋಯ್ದಿದ್ದವು, ಹಾಗಾಗಿ ನಿಂತೇ ಇದ್ದೆ. ಅವಳು ಅದನ್ನು ಗಮನಿಸಿ, ಊಟ ಬಿಟ್ಟೆದ್ದು, ಬಿಸಿನೀರು ತಂದು ಸುರಿದಳು. ನಾನು ಬೇಡವೆನ್ನುತ್ತಲೇ ಇದ್ದೆ. ನೀರು ನೆಲದ ಜಾಲರಿಯಲ್ಲಿ ಇಳಿದುಹೋಯಿತು.

ಲಿಫ್ಟಿನ ವಿಷಯ ಮಾಲೀಕರಿಗೆ ಬರೆದೆ. ಉತ್ತರ ಬರಲಿಲ್ಲ. ಪತ್ರ ಕೊಟ್ಟಾಗಿತ್ತು. ಇನ್ನು ಹಿಡಿದು ಕೂರಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ವರ್ಷ ಕಳೆದ ಮೇಲೆ ಪಂಪುಗಳ ತಪಾಸಣೆಗೆಂದು ಕರೆದಾಗ ಹೋದೆ. ಒಂದು ಪಂಪಿನ ಬಾಯಿಗೆ ಪಾತ್ರೆ ಉಜ್ಜುವ ಬಟ್ಟೆಯೊಂದು ಸಿಕ್ಕಿಕೊಂಡಿತ್ತು. ತಪಾಸಣೆಯ ಹುಡುಗರು ಸರಪಳಿ ಹಿಡಿದು ಆ ಪಂಪನ್ನು ಸುಲಭವಾಗಿ ಮೇಲಕ್ಕೆಳೆದರು, ಬಟ್ಟೆ ಕಿತ್ತು, ತೊಳೆದು, ಮತ್ತೆ ಕಂಬಿಯ ಮೇಲೆ ಇಳಿಸಿದರು. ಯಾರೂ ಗುಂಡಿಗೆ ಇಣುಕಲೂ ಬೇಕಾಗಲಿಲ್ಲ. ಆ ಹೊತ್ತಿನಲ್ಲಿ ಎರಡನೆಯ ಪಂಪು ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಅಡುಗೆಮನೆಯಲ್ಲಿ ಅಡುಗೆಯವರು ಏನೂ ಗೊತ್ತಿಲ್ಲದೆ ದೇಗ್ಸಕ್ಕೆ ಅಕ್ಕಿ ಹಾಕುತ್ತಿದ್ದರು.

ತೊಳೆಯುವ ಜಾಗದಲ್ಲಿ ಅಕ್ಕ ಕಾಣಲಿಲ್ಲ. ಪೊಂಗಲ್ ಕಳೆದ ಮೇಲೆ ಕೆಲಸ ಬಿಟ್ಟಳು, ಮಂಡಿ ಆಗುತ್ತಿರಲಿಲ್ಲ, ಊರಿಗೆ ಹೋದಳು ಎಂದು ಚಿಕ್ಕವಳು ಹೇಳಿದಳು. ಯಾವ ಊರು ಎಂದು ಕೇಳಿದೆ. ಹೊಸೂರಿನ ಹತ್ತಿರ ಎಲ್ಲೋ ಎಂದಳು. ಅವಳಿಗೂ ಅಷ್ಟೇ ಗೊತ್ತಿತ್ತು. ಅವಳು ನನ್ನನ್ನು ಈ ಸಲ ಮುಖವೆತ್ತಿ ನೋಡಿದಳು. ಮೇಲಿನ ಕೋಣೆಗೆ ಈಗ ಕನ್ನಡಿಯನ್ನೂ ಹಾಕಿಸಿದ್ದಾರೆ, ನೋಡಿ ಬನ್ನಿ ಎಂದಳು.

ಹೋಗಿ ನೋಡಿದೆ. ಕನ್ನಡಿ ಚೆನ್ನಾಗಿತ್ತು.